ಕಿವಿಯ ಕೆಲಸ ಕಣ್ಣಿಗೆ: ಮ್ಯೂಟ್ ವಿಡಿಯೊಗಳಲ್ಲಿ ಕನ್ನಡ ಕ್ಯಾಪ್ಷನ್

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಅಡಿಕೆ ಬೆಳೆಗಾರರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಬೇಕು, ಸುಣ್ಣದ ನೀರನ್ನು ಮೈಲುತುತ್ತಕ್ಕೆ ಹಾಕಬಾರದು. ಈ ಮಾತನ್ನು ಮಲೆನಾಡಿನ ಹಿರಿಯ ಬೆಳೆಗಾರರೊಬ್ಬರು ತೋಟದಲ್ಲಿ ನಿಂತು ಮೊಬೈಲ್ ಕ್ಯಾಮೆರಾಕ್ಕೆ ಹೇಳಿದ್ದಾರೆ ಎಂದಿಟ್ಟುಕೊಳ್ಳಿ. ನೋಡುವವರು ಬಸ್ಸಿನಲ್ಲಿದ್ದಾರೆ, ಇಲ್ಲವೆ ಮಗು ಮಲಗಿದ ಕೋಣೆಯಲ್ಲಿದ್ದಾರೆ, ಇಲ್ಲವೆ ಅವರಿಗೆ ಕಿವಿ ಮಂದ. ಫೋನಿನ ದನಿ ಮುಚ್ಚಿದೆ. ಈಗ ಎಲ್ಲೆಲ್ಲೂ ಕಾಣುವ ಧಾಟಿಯಲ್ಲಿ ಕ್ಯಾಪ್ಷನ್ ಒಂದೊಂದೇ ಪದವಾಗಿ ಪರದೆಯ ನಡುವೆ ಚಿಮ್ಮುತ್ತದೆ. ಸುಣ್ಣದ. ನೀರನ್ನು. ಮೈಲುತುತ್ತಕ್ಕೆ. ಹಾಕಬಾರದು.

ಕೊನೆಯ ಪದ ಬರುವ ಮೊದಲು ನೋಡುಗರ ಹೆಬ್ಬೆರಳು ಮೇಲಕ್ಕೆ ಸರಿದರೆ, ಅಥವಾ ಆ ಕ್ಷಣಕ್ಕೆ ಕಣ್ಣು ಡ್ರಮ್ಮಿನ ಮೇಲಿದ್ದರೆ, ಅವರಿಗೆ ಸಿಗುವುದು ಹೇಳಿದ್ದಕ್ಕೆ ನೇರ ಉಲ್ಟಾ ಸಂಗತಿ. ಇಂಗ್ಲಿಷಿನಲ್ಲಿ ಬೇಡ ಎನ್ನುವ ಸೂಚನೆ ವಾಕ್ಯದ ಆರಂಭದಲ್ಲೇ ಬಂದುಬಿಡುತ್ತದೆ, ಆದ್ದರಿಂದ ಪದಪದವಾಗಿ ಚಿಮ್ಮಿಸುವ ಧಾಟಿ ಆ ಭಾಷೆಗೆ ಹೆಚ್ಚು ತೊಂದರೆ ಕೊಡದು. ಕನ್ನಡದಲ್ಲಿ ಬೇಕೋ ಬೇಡವೋ, ಆಯಿತೋ ಆಗಲಿಲ್ಲವೋ ಎಂಬ ತೀರ್ಮಾನವೆಲ್ಲ ವಾಕ್ಯದ ತುದಿಯ ಕ್ರಿಯಾಪದದಲ್ಲಿ ಕೂತಿರುತ್ತದೆ. ಆ ತುದಿಯೂ ಅದಕ್ಕೆ ಸಂಬಂಧಪಟ್ಟ ನಾಮಪದಗಳೂ ಒಟ್ಟಿಗೆ ಕಣ್ಣಿಗೆ ಬೀಳದಿದ್ದರೆ ಕ್ಯಾಪ್ಷನ್ ಹಾಕಿಯೂ ಪ್ರಯೋಜನವಿಲ್ಲ.

ನಾನು ಇಲ್ಲಿ ಹೇಳುತ್ತಿರುವುದು ಬರ್ನ್ ಮಾಡಿದ ಕ್ಯಾಪ್ಷನ್ ಬಗ್ಗೆ. ಎಡಿಟಿಂಗ್ ಮಾಡುವವರ ಬಾಯಲ್ಲಿ ಬರ್ನ್ ಮಾಡುವುದು ಎಂದರೆ ಅಕ್ಷರಗಳನ್ನು ಚಿತ್ರದೊಳಗೇ ಸೇರಿಸಿಬಿಡುವುದು. ಪ್ರತ್ಯೇಕ ಫೈಲಾಗಿ ಕೊಟ್ಟ ಸಬ್‌ಟೈಟಲನ್ನು ನೋಡುಗರು ಬೇಕಾದರೆ ಹಾಕಿಕೊಳ್ಳಬಹುದು, ಬೇಡವಾದರೆ ತೆಗೆಯಬಹುದು. ಬರ್ನ್ ಆದದ್ದು ಹಾಗಲ್ಲ. ವಾಟ್ಸ್ಆ್ಯಪಿನಲ್ಲಿ ಹತ್ತು ಕೈ ದಾಟಿ ಹೋದರೂ ಅದು ವಿಡಿಯೊದ ಜೊತೆಗೇ ಇರುತ್ತದೆ. ಅದರ ಬಲವೂ ಅದೇ, ತೊಡಕೂ ಅದೇ. ಅಕ್ಷರ ಚಿಕ್ಕದಾಯಿತು ಎಂದು ನೋಡುಗರು ದೊಡ್ಡದು ಮಾಡಿಕೊಳ್ಳುವಂತಿಲ್ಲ, ಹಿಂದಿನ ಬಣ್ಣದಲ್ಲಿ ಕರಗಿಹೋಯಿತು ಎಂದು ಬಣ್ಣ ಬದಲಿಸುವಂತಿಲ್ಲ. ಮಾಡುವವರು ಒಮ್ಮೆ ತೀರ್ಮಾನಿಸಿದ್ದು ಎಲ್ಲರ ಫೋನಿಗೂ ಅದೇ.

ಮೊದಲು ಅಕ್ಷರದ ಮಾತು. ಲ್ಯಾಟಿನ್ ಲಿಪಿಗೆ ಹೋಲಿಸಿದರೆ ಕನ್ನಡ ಅಕ್ಷರ ಹೆಚ್ಚು ಎತ್ತರದ ಜಾಗ ಕೇಳುತ್ತದೆ. ಮೇಲೆ ಗುಡಿಸು, ಏತ್ವಗಳು ಏಳುತ್ತವೆ, ಕೆಳಗೆ ಒತ್ತಕ್ಷರ ಇಳಿಯುತ್ತದೆ. ರಾಷ್ಟ್ರ, ಸ್ತ್ರೀ ಇಂಥ ಪದಗಳಲ್ಲಿ ಒಂದರ ಕೆಳಗೆ ಅಥವಾ ಪಕ್ಕದಲ್ಲಿ ಇನ್ನೊಂದು ಒತ್ತು ಬಂದು ಜಾಗ ಇನ್ನೂ ಬೇಕಾಗುತ್ತದೆ. ಎರಡು ಸಾಲಿನ ಕ್ಯಾಪ್ಷನ್ನಿನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಎರಡೂ ಓದಲು ಬಾರದ ಗಂಟಾಗುತ್ತವೆ. ಲ್ಯಾಟಿನ್ ಅಕ್ಷರಕ್ಕೆ ಹೊಂದುವ ಸಾಲಿನ ಅಂತರ, ಅಂದರೆ ಅಕ್ಷರದ ಗಾತ್ರದ 1.2 ಪಟ್ಟು, ಇಲ್ಲಿ ಸಾಲದು. 1.4ರಿಂದ 1.5 ಪಟ್ಟು ಇಟ್ಟರೆ ಉಸಿರಾಡಲು ಜಾಗ ಸಿಗುತ್ತದೆ. ಅಕ್ಷರದ ಹಿಂದೆ ಕಪ್ಪು ಪಟ್ಟಿ ಹಾಕಿಕೊಡುವ ಕೆಲವು ಆ್ಯಪುಗಳು ಪಟ್ಟಿಯ ಎತ್ತರವನ್ನು ಲ್ಯಾಟಿನ್ ಅಳತೆಯಲ್ಲೇ ಲೆಕ್ಕ ಹಾಕುತ್ತವೆ. ಆಗ ಮೈಲುತುತ್ತದ ತ-ಒತ್ತು ಪಟ್ಟಿಯಿಂದ ಹೊರಗೆ ಜೋತುಬೀಳುತ್ತದೆ, ಇಲ್ಲವೆ ಕತ್ತರಿಸಿಹೋಗುತ್ತದೆ. ಒತ್ತು ಕತ್ತರಿಸಿದರೆ ಅದು ಬೇರೆಯೇ ಪದ.

ಎರಡನೆಯದು ಅಕ್ಷರದ ಒಳಗಿನ ಸಣ್ಣ ಗುರುತುಗಳು. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ, ಇವುಗಳ ನಡುವಿನ ವ್ಯತ್ಯಾಸ ಬುಡದಲ್ಲಿರುವ ಒಂದು ಚಿಕ್ಕ ಸೀಳು. ರ ಮತ್ತು ಠ ಬೇರೆಯಾಗುವುದು ಹೊಟ್ಟೆಯೊಳಗಿನ ಒಂದು ಚುಕ್ಕಿಯಿಂದ. ಷ-ವನ್ನು ಪ-ದಿಂದ ಬೇರೆ ಮಾಡುವುದು ಒಳಗಿನ ಒಂದು ಗೆರೆ. ದೊಡ್ಡ ಪರದೆಯಲ್ಲಿ ಇವು ಸ್ಪಷ್ಟ. ಅಂಗೈಯಗಲದ ಪರದೆಯಲ್ಲಿ, ಅದರಲ್ಲೂ ಅಕ್ಷರವನ್ನು ಅತಿ ದಪ್ಪ ಮಾಡಿ ಸುತ್ತಲೂ ಕಪ್ಪು ಅಂಚು ಎಳೆದಾಗ, ಸೀಳು ಮುಚ್ಚಿಹೋಗುತ್ತದೆ, ಚುಕ್ಕಿ ಕಲೆಯಾಗುತ್ತದೆ. ಇಂಗ್ಲಿಷ್ ಕ್ಯಾಪ್ಷನ್ನುಗಳಲ್ಲಿ ದಪ್ಪ ಅಕ್ಷರ, ದಪ್ಪ ಅಂಚು ಚೆನ್ನಾಗಿ ಕಾಣುತ್ತದೆ ಎಂದು ಅದೇ ಟೆಂಪ್ಲೇಟನ್ನು ಕನ್ನಡಕ್ಕೆ ಹಚ್ಚಿದವರ ವಿಡಿಯೊಗಳಲ್ಲಿ ಇದನ್ನು ದಿನವೂ ನೋಡಬಹುದು.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಅಂಚು ಎಳೆಯುವಾಗ ಬಹಳಷ್ಟು ಸಾಫ್ಟ್‌ವೇರುಗಳು ಅಕ್ಷರದ ಗೆರೆಯನ್ನೇ ನಡುವೆ ಇಟ್ಟುಕೊಂಡು ಅರ್ಧ ದಪ್ಪವನ್ನು ಹೊರಕ್ಕೂ ಅರ್ಧ ದಪ್ಪವನ್ನು ಒಳಕ್ಕೂ ಹಚ್ಚುತ್ತವೆ. ಒಳಕ್ಕೆ ಹೋದ ಅರ್ಧ ಅಕ್ಷರವನ್ನೇ ತಿನ್ನುತ್ತದೆ. ಅಂಚು ಹೊರಗೆ ಮಾತ್ರ ಬರಲಿ ಎಂಬ ಆಯ್ಕೆ ಇದ್ದರೆ ಅದನ್ನು ಹಾಕಿಕೊಳ್ಳಬೇಕು. ಹೊರಗಿನ ಅಂಚೂ ಅಕ್ಷರದ ಒಳಗಿನ ಖಾಲಿ ಜಾಗಕ್ಕೆ ನುಗ್ಗುತ್ತದಾದ್ದರಿಂದ ಅದನ್ನು ತೆಳುವಾಗಿಯೇ ಇಡಬೇಕು. 1080 ಪಿಕ್ಸೆಲ್ ಅಗಲದ ವಿಡಿಯೊದಲ್ಲಿ ನಾಲ್ಕೈದು ಪಿಕ್ಸೆಲ್ ಸಾಕು. ನನ್ನ ಮಟ್ಟಿಗೆ ಕನ್ನಡಕ್ಕೆ ಅಂಚಿಗಿಂತ ಹಿಂಬದಿಯ ಪಟ್ಟಿಯೇ ಮೇಲು. ಮುಕ್ಕಾಲು ಪಾಲು ಗಟ್ಟಿಯಾದ ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಇಟ್ಟರೆ ಅಕ್ಷರದ ಆಕಾರಕ್ಕೆ ಯಾವ ಧಕ್ಕೆಯೂ ಇಲ್ಲ, ಹಿಂದೆ ಏನೇ ಚಲಿಸಿದರೂ ಓದಿಗೆ ಅಡ್ಡಿಯಿಲ್ಲ.

ನಮ್ಮ ಬೆಳೆಗಾರರ ವಿಡಿಯೊದಲ್ಲಿ ಹಿಂಬದಿ ಏನಿದೆ ನೋಡಿ. ಅಡಿಕೆ ತೋಟದ ನೆರಳು, ನಡುನಡುವೆ ಬಿಸಿಲಿನ ಬಿಳಿ ತುಂಡುಗಳು. ಮುಂದೆ ಎರಡು ಡ್ರಮ್, ಒಂದರಲ್ಲಿ ಮೈಲುತುತ್ತದ ನೀಲಿ ನೀರು, ಇನ್ನೊಂದರಲ್ಲಿ ಸುಣ್ಣದ ಹಾಲಿನಂಥ ನೀರು. ಬರಿಯ ಬಿಳಿ ಅಕ್ಷರ ಹಾಕಿದರೆ ಸುಣ್ಣದ ಡ್ರಮ್ ತೋರಿಸುವ ಹೊತ್ತಿಗೆ ಕ್ಯಾಪ್ಷನ್ ಮಾಯವಾಗುತ್ತದೆ, ಅದೂ ಸರಿಯಾಗಿ ಸುಣ್ಣದ ಬಗ್ಗೆ ಹೇಳುವಾಗಲೇ. ಹಾಗೆಂದು ಕೆಂಪು ಅಥವಾ ಹಸಿರು ಅಕ್ಷರಕ್ಕೆ ಹೋದರೆ ಬೇರೆ ತೊಂದರೆ. ಜಾಲತಾಣಗಳಲ್ಲಿ ಓಡಾಡುವ ವಿಡಿಯೊಗಳನ್ನು ಕುಗ್ಗಿಸುವಾಗ ಬೆಳಕು-ಕತ್ತಲಿನ ವಿವರವನ್ನು ಪೂರ್ತಿ ಉಳಿಸಿಕೊಂಡು ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸುತ್ತಾರೆ. ಬಣ್ಣದಿಂದಷ್ಟೇ ಹಿಂಬದಿಯಿಂದ ಬೇರೆಯಾಗಿ ಕಾಣುವ ಅಕ್ಷರದ ಅಂಚು ಹೀಗೆ ಕಲಸಿಹೋಗುತ್ತದೆ. ಹಸಿರು ತೋಟದ ಮೇಲೆ ಕೆಂಪು ಅಕ್ಷರ ಎಡಿಟ್ ಮಾಡುವ ಕಂಪ್ಯೂಟರಿನಲ್ಲಿ ಚುರುಕಾಗಿ ಕಂಡರೂ ಫೋನಿಗೆ ಬರುವಷ್ಟರಲ್ಲಿ ಮಸುಕಾಗಿರುವುದು ಇದೇ ಕಾರಣಕ್ಕೆ. ಬಿಳಿ ಮತ್ತು ತಿಳಿ ಹಳದಿ ಅಕ್ಷರಗಳು ಕಪ್ಪಿನ ಮೇಲೆ ಉಳಿದುಕೊಳ್ಳುವುದು ಅವುಗಳ ವ್ಯತ್ಯಾಸ ಬೆಳಕಿನಲ್ಲಿರುವುದರಿಂದ. ವೆಬ್‌ ಪುಟಗಳ ಸುಗಮತೆಗಾಗಿ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಬೆಳಕಿನ ಅನುಪಾತ ಇರಬೇಕೆನ್ನುತ್ತದೆ. ಬಿಸಿಲಿನಲ್ಲಿ ನಿಂತು ಫೋನ್ ನೋಡುವವರಿಗೆ ಅದಕ್ಕಿಂತ ಎಷ್ಟು ಹೆಚ್ಚಿದ್ದರೂ ಒಳ್ಳೆಯದೇ.

ಫಾಂಟ್ ಯಾವುದು? ಉಚಿತವಾಗಿ ಸಿಗುವ, ವಿಡಿಯೊಗಳಲ್ಲಿ ಬಳಸಲು ಯಾವ ಅಡ್ಡಿಯೂ ಇಲ್ಲದ ಪರವಾನಗಿಯ ಯೂನಿಕೋಡ್ ಫಾಂಟುಗಳು ಈಗ ಸಾಕಷ್ಟಿವೆ. ನೋಟೊ ಸಾನ್ಸ್ ಕನ್ನಡ ಸಾದಾ, ನಂಬಬಹುದಾದ ಆಯ್ಕೆ. ಏಕ್ ಟೈಪ್ ಸಂಸ್ಥೆ ರೂಪಿಸಿದ ಅನೇಕ್ ಕನ್ನಡ ನನಗೆ ಹೆಚ್ಚು ಇಷ್ಟ. ಅದರಲ್ಲಿ ದಪ್ಪವನ್ನಷ್ಟೇ ಅಲ್ಲದೆ ಅಗಲವನ್ನೂ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಕನ್ನಡದ ಪದಗಳು ಪ್ರತ್ಯಯಗಳನ್ನು ಕೂಡಿಸಿಕೊಂಡು ಉದ್ದವಾಗುವುದರಿಂದ, ಸ್ವಲ್ಪ ಕಿರಿದಾದ ರೂಪ ಸಿಕ್ಕರೆ ಒಂದು ಪದ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಅದೇ ಸಂಸ್ಥೆಯ ಬಾಲೂ ತಮ್ಮ ದುಂಡಗಿದ್ದು ಶೀರ್ಷಿಕೆಗೆ ಚೆಂದ, ಮಾತಿನುದ್ದಕ್ಕೂ ಓಡುವ ಕ್ಯಾಪ್ಷನ್ನಿಗೆ ಅದರ ಅತಿ ದಪ್ಪ ರೂಪ ಬೇಡ. ದಪ್ಪದ ವಿಷಯದಲ್ಲಿ ನಡುದಾರಿ ಒಳ್ಳೆಯದು. ತೀರ ತೆಳುವಾದ ಗೆರೆ ಕುಗ್ಗಿಸುವಾಗ ಮುರಿಯುತ್ತದೆ, ತೀರ ದಪ್ಪವಾದದ್ದು ಸೀಳುಗಳನ್ನು ಮುಚ್ಚುತ್ತದೆ. ಮೀಡಿಯಂ ಅಥವಾ ಸೆಮಿಬೋಲ್ಡ್ ಎಂಬ ಹೆಸರಿನ ರೂಪಗಳು ಕನ್ನಡಕ್ಕೆ ಹೊಂದುತ್ತವೆ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಪಠ್ಯವನ್ನು ಹಾಗೇ ತಂದು ಅಂಟಿಸಿದರೆ ಯೂನಿಕೋಡ್ ಫಾಂಟಿನಲ್ಲಿ ಅದು ಲ್ಯಾಟಿನ್ ಚಿಹ್ನೆಗಳ ರಾಶಿಯಾಗುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಂಡು, ಪರಿವರ್ತನೆಯಲ್ಲಿ ಅರ್ಕಾವತ್ತು ಸ್ಥಳ ತಪ್ಪಿಲ್ಲವೇ ಎಂದು ಒಮ್ಮೆ ಓದಬೇಕು. ಇನ್ನು ಸಾಫ್ಟ್‌ವೇರಿನ ಕಡೆಯಿಂದ ಬರುವ ದೋಷ. ಒತ್ತಕ್ಷರವನ್ನು ಕೂಡಿಸಿ ತೋರಿಸುವ ವ್ಯವಸ್ಥೆ ಇಲ್ಲದ ಕಡೆ ತ್ತ ಎಂಬುದು ತ್‌ತ ಎಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಪ್ರೀಮಿಯರಿನ ಹಲವು ಆವೃತ್ತಿಗಳಲ್ಲಿ ಪಠ್ಯದ ಸೆಟ್ಟಿಂಗಿಗೆ ಹೋಗಿ South Asian and Middle Eastern ಎಂಬುದನ್ನು ಆರಿಸಿಕೊಂಡ ಮೇಲೆಯೇ ಕನ್ನಡ ಕೂಡಿಕೊಳ್ಳುತ್ತದೆ. ಆರಿಸಿದ ಮೇಲೂ ಟೈಪ್‌ರೈಟರಿನಂತೆ ಒಂದೊಂದೇ ಅಕ್ಷರ ಮೂಡಿಸುವ ಅನಿಮೇಷನ್ ಹಾಕಬಾರದು. ಕಂಪ್ಯೂಟರಿನ ಲೆಕ್ಕದಲ್ಲಿ ತ್ತ ಎಂದರೆ ತ, ಹಲಂತದ ಚಿಹ್ನೆ, ಮತ್ತೊಂದು ತ ಎಂಬ ಮೂರು ಘಟಕ. ಅನಿಮೇಷನ್ ಅವನ್ನು ಒಂದೊಂದಾಗಿ ಬಿಡುವಾಗ ಅಕ್ಷರ ಕಣ್ಣೆದುರೇ ಆಕಾರ ಬದಲಿಸುತ್ತಾ ನಡುಗುತ್ತದೆ.

ಹೊಸ ಫಾಂಟು, ಹೊಸ ಆ್ಯಪು ಬಳಸುವ ಮೊದಲು ನಾನು ಒಂದು ಪರೀಕ್ಷೆಯ ಸಾಲನ್ನು ಹಾಕಿ ನೋಡುತ್ತೇನೆ: ಸ್ತ್ರೀ, ರಾಷ್ಟ್ರ, ಕರ್ತೃ, ಜ್ಞಾನ, ಕೃಷ್ಣ, ಮೈಲುತುತ್ತ. ಇದನ್ನೇ ಎರಡು ಸಾಲಾಗಿ, ಒಂದರ ಕೆಳಗೊಂದು. ಯಾವ ಒತ್ತು ಕತ್ತರಿಸಿತು, ಯಾವುದು ಬಿಡಿಯಾಗಿ ನಿಂತಿತು, ಎರಡು ಸಾಲು ಎಲ್ಲಿ ತಾಗಿದವು ಎಂಬುದು ಅಲ್ಲೇ ತಿಳಿಯುತ್ತದೆ.

ಗಾತ್ರವನ್ನು ಪಿಕ್ಸೆಲಿನಲ್ಲಿ ಯೋಚಿಸುವ ಬದಲು ಮಿಲಿಮೀಟರಿನಲ್ಲಿ ಯೋಚಿಸಿದರೆ ಅಂದಾಜು ಸುಲಭ. ನಿಲುವು ಚೌಕಟ್ಟಿನ ವಿಡಿಯೊ ಸಾಮಾನ್ಯವಾಗಿ 1080 ಪಿಕ್ಸೆಲ್ ಅಗಲ, 1920 ಪಿಕ್ಸೆಲ್ ಎತ್ತರ. ಫೋನಿನ ಪರದೆಯ ಅಗಲ ಸುಮಾರು ಏಳು ಸೆಂಟಿಮೀಟರ್. ಅಂದರೆ ಒಂದು ಮಿಲಿಮೀಟರಿಗೆ ಹೆಚ್ಚುಕಡಿಮೆ 15 ಪಿಕ್ಸೆಲ್. ಫಾಂಟ್ ಗಾತ್ರ 64 ಎಂದು ಇಟ್ಟರೆ, ಮೇಲಿನ ಗುಣಿತ ಕೆಳಗಿನ ಒತ್ತು ಬಿಟ್ಟು ಅಕ್ಷರದ ಒಡಲಿಗೆ ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು ಎತ್ತರ ಸಿಗುತ್ತದೆ. ಒಂದು ಮೊಳ ದೂರದಲ್ಲಿ ಹಿಡಿದ ಫೋನಿನಲ್ಲಿ ಇದನ್ನು ಕಷ್ಟಪಡದೆ ಓದಬಹುದು. ವಯಸ್ಸಾದ ನೋಡುಗರು ಹೆಚ್ಚಿದ್ದರೆ 72ಕ್ಕೆ ಏರಿಸಬೇಕು. ಟಿವಿಗಾಗಿ ಮಾಡಿದ ಅಡ್ಡ ಚೌಕಟ್ಟಿನ ಕಾರ್ಯಕ್ರಮವನ್ನು ಹಾಗೇ ಫೋನಿಗೆ ಹಾಕಿದಾಗ ಏನಾಗುತ್ತದೆ ಎಂಬುದೂ ಇದೇ ಲೆಕ್ಕದಿಂದ ಗೊತ್ತಾಗುತ್ತದೆ. ನೆಟ್ಟಗೆ ಹಿಡಿದ ಫೋನಿನಲ್ಲಿ ಆ ಚಿತ್ರದ ಎತ್ತರ ನಾಲ್ಕು ಸೆಂಟಿಮೀಟರಿಗೂ ಕಡಿಮೆ. ಟಿವಿಯಲ್ಲಿ ಆರಾಮವಾಗಿ ಓದುತ್ತಿದ್ದ ಅಕ್ಷರದ ಒಡಲು ಒಂದು ಮಿಲಿಮೀಟರಿನ ಆಸುಪಾಸಿಗೆ ಬಂದು ನಿಲ್ಲುತ್ತದೆ.

64ರ ಗಾತ್ರದಲ್ಲಿ ಒಂದು ಸಾಲಿಗೆ ಹದಿನಾಲ್ಕರಿಂದ ಹದಿನಾರು ಅಕ್ಷರ ಹಿಡಿಯುತ್ತವೆ, ಅಂದರೆ ಮೂರು ನಾಲ್ಕು ಪದ. ಎರಡು ಸಾಲಿಗಿಂತ ಹೆಚ್ಚು ಹಾಕಬಾರದು. ಅಲ್ಲಿಗೆ ಒಂದು ಹೊತ್ತಿಗೆ ಪರದೆಯ ಮೇಲೆ ಇರಬಹುದಾದ ಮಾತು ಹೆಚ್ಚೆಂದರೆ ಮೂವತ್ತು ಅಕ್ಷರ. ಸಮಯದ ಲೆಕ್ಕ ಶುರುವಾಗುವುದು ಇಲ್ಲಿಂದ.

ಬಿಬಿಸಿಯ ಸಬ್‌ಟೈಟಲ್ ಮಾರ್ಗಸೂಚಿ ನಿಮಿಷಕ್ಕೆ 160ರಿಂದ 180 ಪದಗಳ ವೇಗವನ್ನು ಸೂಚಿಸುತ್ತದೆ. ಅದು ಇಂಗ್ಲಿಷ್ ಪದಗಳ ಲೆಕ್ಕ. ಇಂಗ್ಲಿಷಿನ ನಾಲ್ಕು ಪದದ ಕೆಲಸವನ್ನು ಕನ್ನಡದ ಒಂದೇ ಪದ ಮಾಡುವುದುಂಟು, ಹಾಗಾಗಿ ಪದ ಎಣಿಸಿದರೆ ನಮಗೆ ದಾರಿ ತಪ್ಪುತ್ತದೆ. ಅಕ್ಷರ ಎಣಿಸುವುದೇ ಸರಿ. ಒತ್ತಿರಲಿ ಗುಣಿತವಿರಲಿ, ಕೂಡಿ ನಿಂತದ್ದೆಲ್ಲ ಒಂದು ಅಕ್ಷರ. ತ್ತ ಒಂದು, ಮೈ ಒಂದು, ಲೀಟರ್ ಎಂಬುದರಲ್ಲಿ ಕೊನೆಯ ರ್ ಕೂಡ ಒಂದು. ಅಂಕಿಗಳೂ ಒಂದೊಂದು. ನಾನು ಪಾಲಿಸುವ ಹದ ಸೆಕೆಂಡಿಗೆ ಏಳು ಅಕ್ಷರ. ಇದನ್ನು ಕೆಲಸ ಮಾಡುತ್ತಾ ಕಂಡುಕೊಂಡ ಹದವೆಂದು ತಿಳಿಯಿರಿ. ಬರೀ ಓದುವುದಾದರೆ ಇನ್ನೂ ಬೇಗ ಓದಬಹುದು. ಆದರೆ ಇಲ್ಲಿ ಕಣ್ಣು ಡ್ರಮ್ಮನ್ನೂ ನೋಡಬೇಕು, ಕೈ ಏನು ಮಾಡುತ್ತಿದೆ ಎಂದೂ ನೋಡಬೇಕು, ನಡುವೆ ಓದಬೇಕು. ಎಷ್ಟೇ ಚಿಕ್ಕ ಮಾತಾದರೂ ಸುಮಾರು ಒಂದು ಸೆಕೆಂಡು ನಿಲ್ಲಬೇಕು, ಏಳು ಸೆಕೆಂಡಿಗಿಂತ ಹೆಚ್ಚು ನಿಂತರೆ ಜನ ಅದನ್ನೇ ಮತ್ತೆ ಓದತೊಡಗುತ್ತಾರೆ. ನೆಟ್‌ಫ್ಲಿಕ್ಸಿನ ನಿಯಮಗಳಲ್ಲೂ ಒಂದು ಸಬ್‌ಟೈಟಲಿಗೆ ಕನಿಷ್ಠ ಒಂದು ಸೆಕೆಂಡಿನ ಆರರಲ್ಲಿ ಐದು ಭಾಗ, ಗರಿಷ್ಠ ಏಳು ಸೆಕೆಂಡು ಎಂಬ ಮಿತಿಯಿದೆ.

ಈಗ ಬೆಳೆಗಾರರ ಮಾತಿಗೆ ಬರೋಣ. ಶೇಕಡ 1ರ ದ್ರಾವಣಕ್ಕೆ ಅವರು ಹೇಳಿದ್ದು ಹೀಗೆ: "ಮೊದ್ಲು ಮೈಲುತುತ್ತ ಒಂದ್ ಕೆಜಿ ಐವತ್ತ್ ಲೀಟ್ರ್ ನೀರಲ್ಲಿ ಕರಗಿಸ್ಬೇಕು, ಬೇರೆ ಡ್ರಮ್ಮಲ್ಲಿ ಸುಣ್ಣ ಒಂದ್ ಕೆಜಿ ಐವತ್ತ್ ಲೀಟ್ರ್ ನೀರಿಗೆ ಕಲಸ್ಬೇಕು, ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ಹಾಕ್ಬೇಕು, ಸುಣ್ಣದ ನೀರನ್ನ ಮೈಲುತುತ್ತಕ್ಕೆ ಹಾಕ್ಬಾರ್ದು." ಇಷ್ಟನ್ನೂ ಅವರು ಹತ್ತು ಸೆಕೆಂಡಿನಲ್ಲಿ ಹೇಳಿಬಿಟ್ಟರು ಎನ್ನೋಣ. ತೋಟದ ಕೆಲಸದ ನಡುವೆ ಮಾತಾಡುವವರ ವೇಗವೇ ಅದು.

ಮೊದಲ ಪ್ರಶ್ನೆ, ಆಡಿದ ಹಾಗೇ ಬರೆಯಬೇಕೇ? ಅವರ ಮಾತಿನ ಸೊಗಡು ಉಳಿಯಲಿ ಎಂದು ಕರಗಿಸ್ಬೇಕು, ಹಾಕ್ಬಾರ್ದು ಎಂದು ಬರೆಯುವುದು ಗೌರವವೆಂದೇ ಅನ್ನಿಸುತ್ತದೆ. ಆದರೆ ಹಾಗೆ ಬರೆದಾಗ ಸ್ಬೇ, ಕ್ಬಾ, ರ್ದು ಎಂಬ ಕಣ್ಣಿಗೆ ಪರಿಚಯವಿಲ್ಲದ ಒತ್ತುಗಳು ಹುಟ್ಟುತ್ತವೆ. ಪುಸ್ತಕ, ಪತ್ರಿಕೆಗಳಲ್ಲಿ ಓದಿ ಪಳಗಿದ ಕಣ್ಣು ಕರಗಿಸಬೇಕು ಎಂಬುದನ್ನು ಒಂದೇ ನೋಟಕ್ಕೆ ಹಿಡಿಯುತ್ತದೆ, ಕರಗಿಸ್ಬೇಕು ಎಂಬುದನ್ನು ಬಿಡಿಸಿ ಓದುತ್ತದೆ. ಅಕ್ಷರ ಒಂದು ಕಡಿಮೆಯಾದರೂ ಓದುವ ಹೊತ್ತು ಹೆಚ್ಚುತ್ತದೆ. ಆದ್ದರಿಂದ ಪದಗಳು ಅವರವೇ ಇರಲಿ, ಕಾಗುಣಿತ ಓದುವವರದ್ದಾಗಲಿ ಎಂಬುದು ನನ್ನ ನಿಲುವು. ಡ್ರಮ್ಮಲ್ಲಿ, ನೀರಲ್ಲಿ ಎಂಬವು ಹಾಗೇ ಇರಬಹುದು, ಅವು ಓದಿಗೆ ತೊಡಕಲ್ಲ. ಕಥೆ ಹೇಳುವವರ, ಜಾನಪದ ಹಾಡುವವರ ವಿಡಿಯೊ ಆಗಿದ್ದರೆ ನಾನು ಬೇರೆ ತೀರ್ಮಾನಕ್ಕೆ ಬರುತ್ತಿದ್ದೆ.

ಈ ಮಾತನ್ನು ಬಿಡಿಸಿ ಬರೆದು, ಒಂದ್, ಐವತ್ತ್ ಎಂಬುದನ್ನು ಅಂಕಿ ಮಾಡಿ ಎಣಿಸಿದರೆ ನಾಲ್ಕು ತುಂಡುಗಳಲ್ಲಿ 24, 23, 18, 16 ಅಕ್ಷರ ಬರುತ್ತವೆ. ಒಟ್ಟು 81. ಸೆಕೆಂಡಿಗೆ ಏಳರಂತೆ ಓದಲು ಹನ್ನೊಂದೂವರೆ ಸೆಕೆಂಡಿಗಿಂತ ಹೆಚ್ಚು ಬೇಕು, ನಮ್ಮಲ್ಲಿರುವುದು ಹತ್ತು. ಎಲ್ಲೋ ಕತ್ತರಿಸಬೇಕು. ಅಂಕಿಗಳನ್ನು ಮುಟ್ಟುವಂತಿಲ್ಲ. ಮೊದಲು ಎಂಬುದನ್ನೂ ಬೇರೆ ಡ್ರಮ್ಮಲ್ಲಿ ಎಂಬುದನ್ನೂ ಮುಟ್ಟುವಂತಿಲ್ಲ, ಕೆಲಸದ ಕ್ರಮ ಅವುಗಳಲ್ಲೇ ಇದೆ. ಬಾರದು ಎಂಬುದನ್ನಂತೂ ಮುಟ್ಟಲೇಬಾರದು. ಉಳಿಯುವುದು ಕ್ರಿಯಾಪದಗಳ ಬಾಲ. ಕರಗಿಸಬೇಕು ಎಂಬುದನ್ನು ಕರಗಿಸಿ ಎಂದರೆ, ಕಲಸಬೇಕು ಎಂಬುದನ್ನು ಕಲಸಿ ಎಂದರೆ, ಹಾಕಬೇಕು ಎಂಬುದನ್ನು ಹಾಕಿ ಎಂದರೆ ಅರ್ಥ ಕೆಡದೆ ಎರಡೆರಡು ಅಕ್ಷರ ಉಳಿಯುತ್ತವೆ. ಈಗ ಒಟ್ಟು 75. ಹತ್ತು ಸೆಕೆಂಡು ಮುಕ್ಕಾಲು ಸಾಕು. ಮಾತು ಮುಗಿದ ಮೇಲೆ ಅವರು ಬಗ್ಗಿ ಡ್ರಮ್ ಎತ್ತುವ ಒಂದು ಸೆಕೆಂಡಿನ ಮೌನವಿದೆ. ಕೊನೆಯ ತುಂಡು ಆ ಮೌನದೊಳಕ್ಕೆ ಚಾಚಿಕೊಳ್ಳಬಹುದು.

ಎಸ್‌ಆರ್‌ಟಿ ಎಂಬ ಸರಳ ಪಠ್ಯದ ಫೈಲಿನಲ್ಲಿ ಇದನ್ನು ಹೀಗೆ ಬರೆಯುತ್ತೇವೆ. ಸಾಲಿನ ಸಂಖ್ಯೆ, ಶುರುವಾಗುವ ಮತ್ತು ಮುಗಿಯುವ ಸಮಯ, ಅದರ ಕೆಳಗೆ ಮಾತು.

```
1
00:00:12,000 --> 00:00:15,000
ಮೊದಲು ಮೈಲುತುತ್ತ 1 ಕೆಜಿ
50 ಲೀಟರ್ ನೀರಲ್ಲಿ ಕರಗಿಸಿ

2
00:00:15,100 --> 00:00:18,100
ಬೇರೆ ಡ್ರಮ್ಮಲ್ಲಿ ಸುಣ್ಣ 1 ಕೆಜಿ
50 ಲೀಟರ್ ನೀರಿಗೆ ಕಲಸಿ

3
00:00:18,200 --> 00:00:20,500
ಮೈಲುತುತ್ತದ ನೀರನ್ನು
ಸುಣ್ಣದ ನೀರಿಗೆ ಹಾಕಿ

4
00:00:20,600 --> 00:00:22,900
ಸುಣ್ಣದ ನೀರನ್ನು
ಮೈಲುತುತ್ತಕ್ಕೆ ಹಾಕಬಾರದು
```

ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಖಾಲಿ ಬಿಟ್ಟಿರುವುದನ್ನು ಗಮನಿಸಿ. ಎರಡು ಮೂರು ಫ್ರೇಮಿನ ಈ ಮಿಟುಕು ಇಲ್ಲದಿದ್ದರೆ ಮಾತು ಬದಲಾಯಿತೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಮೂರನೆಯ ಮತ್ತು ನಾಲ್ಕನೆಯ ತುಂಡುಗಳಲ್ಲಿ ಅದೇ ಪದಗಳು ಅದಲುಬದಲಾಗಿ ಬರುವುದರಿಂದ ಇಲ್ಲಿ ಅದು ಇನ್ನೂ ಮುಖ್ಯ. ಕೊನೆಯ ತುಂಡು ಮಾತಿಗಿಂತ ಅರ್ಧ ಸೆಕೆಂಡಿನಷ್ಟು ತಡವಾಗಿ ಶುರುವಾಗುತ್ತದೆ. ದನಿ ಹಾಕಿಕೊಂಡು ನೋಡುವವರಿಗೆ ಇದು ತುಸು ಕಿರಿಕಿರಿ ಮಾಡೀತು. ದನಿ ಮುಚ್ಚಿ ನೋಡುವವರಿಗೆ ಓದಲು ಹೊತ್ತು ಸಿಗುವುದೇ ದೊಡ್ಡದು, ನಾನು ಅವರ ಪರವಾಗಿ ತೂಗುತ್ತೇನೆ. ಆದರೆ ತಡ ಒಂದು ಸೆಕೆಂಡು ದಾಟಿದರೆ ತುಟಿ ಒಂದು ಹೇಳುತ್ತದೆ, ಸಾಲು ಇನ್ನೊಂದು ಹೇಳುತ್ತದೆ. ಆಗ ಮತ್ತಷ್ಟು ಕತ್ತರಿಸಬೇಕು, ಇಲ್ಲವೆ ವಿಡಿಯೊದಲ್ಲೇ ಒಂದು ಕ್ಷಣ ಹೆಚ್ಚು ಹಿಡಿದು ನಿಲ್ಲಿಸಬೇಕು.

ಸಾಲು ಎಲ್ಲಿ ಮುರಿಯುತ್ತದೆ ಎಂಬುದನ್ನು ಆ್ಯಪಿನ ಇಚ್ಛೆಗೆ ಬಿಡಬಾರದು. 50 ಮೇಲಿನ ಸಾಲಿನಲ್ಲೂ ಲೀಟರ್ ಕೆಳಗಿನ ಸಾಲಿನಲ್ಲೂ ಬಿದ್ದರೆ ಮೇಲಿನ 1 ಕೆಜಿಯ ಪಕ್ಕ 50 ಬಂದು ಕೂರುತ್ತದೆ, ಅವಸರದಲ್ಲಿ ಓದುವವರಿಗೆ ಎರಡೂ ಒಂದೇ ಲೆಕ್ಕವೆನಿಸಬಹುದು. ಅಂಕಿ ಮತ್ತು ಅದರ ಅಳತೆ ಯಾವಾಗಲೂ ಒಟ್ಟಿಗಿರಬೇಕು. ಕೆಲವು ಆ್ಯಪುಗಳು ಸಾಲು ತುಂಬಿದೊಡನೆ ಪದದ ನಡುವೆಯೇ ಕತ್ತರಿಸುತ್ತವೆ. ಹಾಕ ಎಂದು ಮೇಲೆ ಬಿಟ್ಟು ಬಾರದು ಎಂಬುದನ್ನು ಕೆಳಕ್ಕೆ ದೂಡಿದರೆ ಸಂದೇಶವೇ ಇಬ್ಭಾಗ. ಅದಕ್ಕೇ ನಾನು ಪ್ರತಿ ಸಾಲನ್ನೂ ಕೈಯಿಂದಲೇ ಮುರಿಯುತ್ತೇನೆ. ವಿಭಕ್ತಿ ಪ್ರತ್ಯಯ ಮುಗಿದ ಜಾಗ ಸಾಲು ಮುರಿಯಲು ಸಹಜವಾದ ಜಾಗ. ನೀರನ್ನು ಎಂದಾದ ಮೇಲೆ ಕಣ್ಣು ತಾನಾಗಿ ಒಂದು ಕ್ಷಣ ನಿಲ್ಲುತ್ತದೆ.

ಇನ್ನು ಪರದೆಯ ಮೇಲಿನ ಜಾಗ. ಸಿನಿಮಾ ನೋಡಿದ ಅಭ್ಯಾಸದಿಂದ ಎಲ್ಲರೂ ಕ್ಯಾಪ್ಷನ್ನನ್ನು ತೀರ ಕೆಳಗೆ ಇಡುತ್ತಾರೆ. ರೀಲ್ಸ್‌ನಲ್ಲಿ ಆ ಜಾಗ ನಮ್ಮದಲ್ಲ. ಅಲ್ಲಿ ಖಾತೆಯ ಹೆಸರು, ವಿವರಣೆಯ ಸಾಲು, ಹಾಡಿನ ಹೆಸರು ಬಂದು ಕೂರುತ್ತವೆ. ಬಲಬದಿಯ ಕೆಳಭಾಗದಲ್ಲಿ ಮೆಚ್ಚುಗೆ, ಪ್ರತಿಕ್ರಿಯೆ, ಹಂಚಿಕೆಯ ಗುಂಡಿಗಳ ಸಾಲು. ರೀಲ್ಸ್ ಜಾಹೀರಾತು ಮಾಡುವವರಿಗೆ ಮೆಟಾ ಸಂಸ್ಥೆ ಕೊಡುವ ಸಲಹೆಯೆಂದರೆ ಮೇಲೆ ಸುಮಾರು ಶೇಕಡ 14, ಕೆಳಗೆ ಶೇಕಡ 35, ಎರಡೂ ಬದಿಗೆ ಶೇಕಡ 6ರಷ್ಟು ಜಾಗದಲ್ಲಿ ಮುಖ್ಯವಾದದ್ದೇನನ್ನೂ ಇಡಬೇಡಿ ಎಂಬುದು. ಜಾಹೀರಾತಲ್ಲದ ವಿಡಿಯೊಗೂ ಈ ಅಳತೆ ಒಳ್ಳೆಯ ರಕ್ಷಣೆ. 1920 ಪಿಕ್ಸೆಲ್ ಎತ್ತರದಲ್ಲಿ ಕೆಳಗಿನ ಶೇಕಡ 35 ಎಂದರೆ 672 ಪಿಕ್ಸೆಲ್. ಮೇಲಿನಿಂದ ಎಣಿಸಿದರೆ ನಮ್ಮ ಕ್ಯಾಪ್ಷನ್ನಿನ ಕೆಳ ಅಂಚು 1248ನ್ನು ದಾಟಬಾರದು. 64ರ ಗಾತ್ರದ ಎರಡು ಸಾಲಿಗೆ ಅಂತರವೂ ಸೇರಿ 200 ಪಿಕ್ಸೆಲಿನಷ್ಟು ಬೇಕು. ಅಲ್ಲಿಗೆ ಕ್ಯಾಪ್ಷನ್ನಿನ ನೆಲೆ 1040ರಿಂದ 1240ರವರೆಗೆ, ಅಂದರೆ ಪರದೆಯ ನಡುಮಧ್ಯದಿಂದ ತುಸು ಕೆಳಗೆ. ಬದಿಗಳಲ್ಲಿ ಎರಡೂ ಕಡೆ 130 ಪಿಕ್ಸೆಲ್ ಬಿಟ್ಟು ನಡುವೆ ಕೂಡಿಸಿದರೆ ಬಲಗಡೆಯ ಗುಂಡಿಗಳ ಕಾಟವೂ ಇಲ್ಲ.

ಹಾಗಾದರೆ ಡ್ರಮ್ ಎಲ್ಲಿ ಕಾಣಬೇಕು? ಇದು ಎಡಿಟಿಂಗ್ ಮೇಜಿನ ಮೇಲೆ ಬಗೆಹರಿಯುವ ಪ್ರಶ್ನೆಯಲ್ಲ, ತೋಟದಲ್ಲಿ ಕ್ಯಾಮೆರಾ ಹಿಡಿಯುವಾಗಲೇ ಬಗೆಹರಿಯಬೇಕು. ಮಾತಾಡುವವರ ಮುಖ ಮತ್ತು ಕೈ ಚೌಕಟ್ಟಿನ ಮೇಲಿನ ಅರ್ಧದಲ್ಲಿ ಬರುವಂತೆ ತುಸು ಹಿಂದೆ ನಿಂತು ಚಿತ್ರೀಕರಿಸಬೇಕು. ದ್ರಾವಣ ಹದವಾಯಿತೇ ಎಂದು ನೋಡಲು ಕಬ್ಬಿಣದ ಚಾಕುವನ್ನು ಅದ್ದಿ ತೆಗೆಯುವುದು ವಾಡಿಕೆ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಇನ್ನಷ್ಟು ಸುಣ್ಣ ಬೇಕೆಂದರ್ಥ. ಆ ಅಲಗಿನ ಬಣ್ಣವನ್ನು ಕ್ಯಾಪ್ಷನ್ ಮುಚ್ಚಿದರೆ ವಿಡಿಯೊ ಮಾಡಿದ್ದೇ ವ್ಯರ್ಥ. ಅನಿವಾರ್ಯವಾದಾಗ ಆ ಒಂದು ದೃಶ್ಯದಲ್ಲಿ ಮಾತ್ರ ಕ್ಯಾಪ್ಷನ್ನನ್ನು ಮೇಲಿನ ಭಾಗಕ್ಕೆ ಒಯ್ಯಬಹುದು, ಮೇಲಿನ 270 ಪಿಕ್ಸೆಲನ್ನು ಬಿಟ್ಟು. ಪ್ರತಿ ದೃಶ್ಯಕ್ಕೂ ಜಾಗ ಬದಲಿಸುವುದು ಬೇಡ. ಕಣ್ಣು ಪ್ರತಿ ಬಾರಿಯೂ ಹುಡುಕಲು ಹೊರಟರೆ ಓದಲು ಸಿಕ್ಕಿದ್ದ ಮೂರು ಸೆಕೆಂಡಿನಲ್ಲಿ ಒಂದು ಹುಡುಕಾಟಕ್ಕೇ ಹೋಗುತ್ತದೆ.

ಬರ್ನ್ ಮಾಡಿದ ಮೇಲೂ ಎಸ್‌ಆರ್‌ಟಿ ಫೈಲನ್ನು ಎಸೆಯಬಾರದು. ಚಿತ್ರದೊಳಗೆ ಸೇರಿದ ಅಕ್ಷರವನ್ನು ಅಂಧರ ಫೋನಿನ ಓದುವ ಸಾಧನ ಸಾಮಾನ್ಯವಾಗಿ ಓದಲಾರದು, ಹುಡುಕಾಟದಲ್ಲಿ ಅದು ಸಿಗದು, ಇನ್ನೊಂದು ಭಾಷೆಗೆ ತಾನಾಗಿ ಬದಲಾಗದು. ಯೂಟ್ಯೂಬಿನಂಥ ಕಡೆ ಅದೇ ಫೈಲನ್ನು ಜೊತೆಗೆ ಏರಿಸಬಹುದು. ಹಾಗೆಯೇ ವೇದಿಕೆ ತಾನಾಗಿ ಹಾಕುವ ಕ್ಯಾಪ್ಷನ್ ಚಾಲೂ ಇದ್ದರೆ ನಮ್ಮ ಸಾಲಿನ ಮೇಲೆ ಅದರ ಸಾಲು ಬಂದು ಬೀಳುತ್ತದೆ. ಏರಿಸುವಾಗಲೇ ಅದನ್ನು ಗಮನಿಸಬೇಕು.

ಕೊನೆಗೆ ಪರೀಕ್ಷೆ. ಎಡಿಟ್ ಮಾಡಿದ ಪರದೆಯಲ್ಲಿ ನೋಡಿ ಒಪ್ಪಿಕೊಳ್ಳಬೇಡಿ. ವಿಡಿಯೊವನ್ನು ವಾಟ್ಸ್ಆ್ಯಪಿನಲ್ಲಿ ಯಾರಿಗಾದರೂ ಕಳಿಸಿ, ಅವರಿಂದ ಮತ್ತೆ ನಿಮಗೆ ಕಳಿಸಿಕೊಳ್ಳಿ. ಕುಗ್ಗಿ ಬಂದ ಆ ಪ್ರತಿಯನ್ನು ಮನೆಯಲ್ಲಿರುವ ಅಗ್ಗದ ಫೋನಿನಲ್ಲಿ, ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ, ಹೊರಗೆ ಬಿಸಿಲಲ್ಲಿ ನಿಂತು ನೋಡಿ. ಠ ಎಂಬುದು ರ ಆಗಿದೆಯೇ, ಧ ಎಂಬುದು ದ ಆಗಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಆಮೇಲೆ ಆ ಮಾತನ್ನು ಒಮ್ಮೆಯೂ ಕೇಳಿರದ ಒಬ್ಬರಿಗೆ ದನಿ ಮುಚ್ಚಿ ಒಂದೇ ಸಲ ತೋರಿಸಿ, ಮೂರು ಪ್ರಶ್ನೆ ಕೇಳಿ. ಎಷ್ಟು ಕೆಜಿ? ಎಷ್ಟು ಲೀಟರ್? ಯಾವುದನ್ನು ಯಾವುದಕ್ಕೆ ಹಾಕಬೇಕು? ಅಂಕಿ ತಪ್ಪಿ ಹೇಳಿದರೆ ಸಮಯ ಸಾಲದೆಂದು ಅರ್ಥ, ಮೊದಲೆರಡು ತುಂಡುಗಳಿಗೆ ಇನ್ನೂ ಅರ್ಧರ್ಧ ಸೆಕೆಂಡು ಕೊಡಿ. ಅಂಕಿ ಸರಿಯಾಗಿ ಹೇಳಿ ಹಾಕುವ ಕ್ರಮದಲ್ಲಿ ತಡವರಿಸಿದರೆ ದೋಷ ಮೂರು ಮತ್ತು ನಾಲ್ಕನೆಯ ತುಂಡುಗಳ ನಡುವೆ ಇದೆ. ಅಲ್ಲಿನ ಮಿಟುಕನ್ನು ಕಾಲು ಸೆಕೆಂಡಿಗೆ ಹಿಗ್ಗಿಸಿ, ಹಾಕಬಾರದು ಎಂಬ ಒಂದು ಪದಕ್ಕೆ ಮಾತ್ರ ತಿಳಿ ಹಳದಿ ಬಣ್ಣ ಕೊಟ್ಟು, ಬೇರೊಬ್ಬರಿಗೆ ತೋರಿಸಿ ನೋಡಿ.